ಕೋಷ್ಟಕವು ಆಕರವಾಗುವುದು ಯಾವಾಗ? ಮೈಸೂರಿನ 1871 ಮತ್ತು 1881ರ ಜನಗಣತಿಯನ್ನು ಮುಂದಿಟ್ಟುಕೊಂಡು

ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ಕನ್ನಡದ ಕರ್ನಾಟಕ ಸಂಸ್ಕೃತಿ ಪತ್ರಿಕೆಯ ಉತ್ತರಗಳನ್ನು ಮೌಲ್ಯಮಾಪನ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಪ್ರಶ್ನೆಯ ಕೆಳಗೆ ಒಂದು ಪುಟ್ಟ ಕೋಷ್ಟಕವನ್ನು ಅಚ್ಚು ಮಾಡಲಾಗಿತ್ತು. ಮೈಸೂರು ಪ್ರಾಂತ್ಯದ ಎಂಟು ಜಿಲ್ಲೆಗಳು, 1871ರ ಜನಸಂಖ್ಯೆ, 1881ರ ಜನಸಂಖ್ಯೆ, ಇಷ್ಟೇ. ಅದನ್ನು ಆಧಾರವಾಗಿ ಬಳಸಿಕೊಂಡು 1876-78ರ ಬರದ ಪರಿಣಾಮವನ್ನು ಚರ್ಚಿಸಬೇಕಿತ್ತು. ನಾನು ನೋಡಿದ ಉತ್ತರಗಳಲ್ಲಿ ಬಹುಪಾಲು ಒಂದೇ ಬಗೆಯವು. "ಮೇಲಿನ ಕೋಷ್ಟಕದಿಂದ ಸ್ಪಷ್ಟವಾಗಿ ತಿಳಿದುಬರುವಂತೆ ಬರದಿಂದ ಅಪಾರ ಸಾವುನೋವು ಸಂಭವಿಸಿತು" ಎಂಬ ವಾಕ್ಯದಿಂದ ಆರಂಭಿಸಿ, ಅನಂತರ ಕೋಷ್ಟಕದ ಕಡೆಗೆ ಒಮ್ಮೆಯೂ ತಿರುಗದೆ, ಟಿಪ್ಪಣಿ ಪುಸ್ತಕದಿಂದ ನೆನಪಿಟ್ಟುಕೊಂಡಿದ್ದ ಸಂಗತಿಗಳನ್ನು ಬರೆದಿದ್ದರು. ಇನ್ನು ಕೆಲವರು ಎಂಟೂ ಸಾಲುಗಳನ್ನು ವಾಕ್ಯಗಳನ್ನಾಗಿ ಮಾಡಿ ಇಳಿಸಿದ್ದರು. ಒಬ್ಬ ವಿದ್ಯಾರ್ಥಿ ಮಾತ್ರ ಬೇರೆ ಹಾದಿ ಹಿಡಿದಿದ್ದ. "ಶಿವಮೊಗ್ಗೆಯಲ್ಲಿ ಬರ ಬಂದಿರಲಿಲ್ಲ" ಎಂದು ಬರೆದಿದ್ದ.

ಆ ವಾಕ್ಯ ತಪ್ಪು. ಆದರೆ ಆ ಕಟ್ಟಿನಲ್ಲಿ ಕೋಷ್ಟಕವನ್ನು ನಿಜವಾಗಿ ನೋಡಿದವನು ಅವನೊಬ್ಬನೇ ಎಂದು ನನಗೆ ಅನ್ನಿಸಿತು. ನಮ್ಮ ವಿಭಾಗಗಳಲ್ಲಿ ಸಿದ್ಧವಾಗುವ ಸಂಶೋಧನ ಪ್ರಬಂಧಗಳ ಸ್ಥಿತಿಯೂ ಪರೀಕ್ಷೆಯ ಉತ್ತರಗಳಿಗಿಂತ ಬಹಳ ಮೇಲೇನೂ ಇಲ್ಲ. ಜನಪದ ಗೀತೆಗಳ ಅಧ್ಯಯನವಾಗಲಿ, ಹೊಸಗನ್ನಡದ ಆರಂಭಕಾಲದ ಅಧ್ಯಯನವಾಗಲಿ, ಎರಡನೆಯ ಅಧ್ಯಾಯದಲ್ಲಿ 'ಸಾಮಾಜಿಕ ಹಿನ್ನೆಲೆ' ಎಂಬ ಹೆಸರಿನಲ್ಲಿ ಗೆಜೆಟಿಯರಿನ ಒಂದೆರಡು ಕೋಷ್ಟಕಗಳು ಬರುತ್ತವೆ. ಮುಂದಿನ ಅಧ್ಯಾಯಗಳಲ್ಲಿ ಅವುಗಳ ಸುದ್ದಿ ಇರುವುದಿಲ್ಲ. ಶಾಸನದ ಒಂದು ಅಕ್ಷರ ಸವೆದಿದ್ದರೆ ಪಾಠ ಯಾವುದೆಂದು ಪುಟಗಟ್ಟಲೆ ಚರ್ಚಿಸುವ ನಾವು, ಅಂಕಿಯನ್ನು ಮಾತ್ರ ಪಾಠವೆಂದು ಭಾವಿಸುವುದಿಲ್ಲ. ಅದು ತಾನಾಗಿಯೇ ಸತ್ಯವನ್ನು ಹೇಳಿಬಿಡುತ್ತದೆ ಎಂದು ನಂಬುತ್ತೇವೆ. ಕೋಷ್ಟಕವೂ ಒಂದು ಪಾಠವೇ, ಅದರ ತಲೆಬರಹ ಏನನ್ನು ಎಣಿಸಿದೆಯೋ ಅದಕ್ಕಷ್ಟೇ ಅದು ಸಾಕ್ಷಿ, ಮತ್ತು ಉಳಿದ ಸಾಲುಗಳೊಡನೆ ಹೊಂದದ ಸಾಲಿನಲ್ಲಿಯೇ ಅದರ ಬೆಲೆ ಹೆಚ್ಚು ಎಂಬುದು ನನ್ನ ನಿಲುವು. ಅದನ್ನು ಅದೇ ಪ್ರಶ್ನೆಯನ್ನು ಬಿಡಿಸುತ್ತಲೇ ಹೇಳುವುದು ಒಳ್ಳೆಯದು. ಕೊನೆಯ ಸ್ತಂಭ ಮೂಲದಲ್ಲಿ ಇರಲಿಲ್ಲ, ಅದನ್ನು ನಾನು ಲೆಕ್ಕ ಹಾಕಿ ಸೇರಿಸಿದ್ದೇನೆ.

| ಜಿಲ್ಲೆ | 1871 | 1881 | ಬದಲಾವಣೆ (ಶೇಕಡಾ) |
|---|---|---|---|
| ಬೆಂಗಳೂರು | 8,28,354 | 6,69,139 | -19.2 |
| ಕೋಲಾರ | 6,18,954 | 4,61,129 | -25.5 |
| ತುಮಕೂರು | 6,32,239 | 4,13,183 | -34.6 |
| ಮೈಸೂರು | 9,43,187 | 9,02,566 | -4.3 |
| ಹಾಸನ | 6,68,417 | 5,35,806 | -19.8 |
| ಶಿವಮೊಗ್ಗ | 4,98,976 | 4,99,728 | +0.2 |
| ಕಡೂರು | 3,33,925 | 3,28,327 | -1.7 |
| ಚಿತ್ರದುರ್ಗ | 5,31,360 | 3,76,310 | -29.2 |
| ಒಟ್ಟು | 50,55,412 | 41,86,188 | -17.2 |

ಮೊದಲು ಮಾಡಬೇಕಾದದ್ದು ಅತ್ಯಂತ ನೀರಸವಾದ ಕೆಲಸ. ಎಂಟು ಸಾಲುಗಳನ್ನು ಕೂಡಿ, ಒಟ್ಟು ಮೊತ್ತಕ್ಕೆ ಸರಿಹೊಂದುತ್ತದೆಯೇ ಎಂದು ನೋಡುವುದು. ಇಲ್ಲಿ ಎರಡೂ ಸ್ತಂಭಗಳು ಸರಿಯಾಗಿ ಕೂಡುತ್ತವೆ. ಕೂಡದಿದ್ದರೆ ಎಲ್ಲಿಯೋ ಒಂದು ಅಂಕಿ ನಕಲಿನಲ್ಲಿ ಕೆಟ್ಟಿದೆ ಎಂದರ್ಥ. ಹಸ್ತಪ್ರತಿಗಳಲ್ಲಿ ಲಿಪಿಕಾರನ ತಪ್ಪನ್ನು ಛಂದಸ್ಸು ಹಿಡಿದುಕೊಡುವಂತೆ ಇಲ್ಲಿ ಮೊತ್ತ ಹಿಡಿದುಕೊಡುತ್ತದೆ. ಮುದ್ರಿತ ಪ್ರಬಂಧಗಳಿಂದ ಪ್ರಬಂಧಗಳಿಗೆ ದಾಟಿಬಂದ ಕೋಷ್ಟಕಗಳನ್ನು ಹೀಗೆ ಕೂಡಿನೋಡಿದವರಿಗೆ ಈ ಮಾತಿನ ಅರ್ಥ ಗೊತ್ತಿದೆ.

ಅನಂತರ ಸಂಖ್ಯೆ ಮತ್ತು ಶೇಕಡಾವಾರು ಇವೆರಡರ ಸಂಬಂಧ. ಬೆಂಗಳೂರು ಜಿಲ್ಲೆ ಕಳೆದುಕೊಂಡದ್ದು ಸುಮಾರು 1.59 ಲಕ್ಷ ಜನರನ್ನು, ಕೋಲಾರ 1.58 ಲಕ್ಷ, ಚಿತ್ರದುರ್ಗ 1.55 ಲಕ್ಷ. ವ್ಯವಕಲನವನ್ನಷ್ಟೇ ಮಾಡಿದ ವಿದ್ಯಾರ್ಥಿಗೆ ಮೂರೂ ಜಿಲ್ಲೆಗಳು ಒಂದೇ ಬಗೆಯಾಗಿ ನೊಂದಂತೆ ಕಾಣುತ್ತವೆ. ಆದರೆ ಬೆಂಗಳೂರಿನಲ್ಲಿ ಐವರಲ್ಲಿ ಒಬ್ಬರು ಕಡಿಮೆಯಾದರೆ ಚಿತ್ರದುರ್ಗದಲ್ಲಿ ಹತ್ತು ಮಂದಿಯಲ್ಲಿ ಮೂವರ ಸಮೀಪ ಕಡಿಮೆಯಾಗಿದ್ದಾರೆ. ತುಮಕೂರಿನಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಊರುಗಳು ಹಾಳುಬಿದ್ದವೇ, ಹೊಲಗಳು ಬೀಳುಬಿದ್ದವೇ ಎಂಬುದನ್ನು ವಿಚಾರಿಸುವವರಿಗೆ ಬೇಕಾದದ್ದು ಈ ಎರಡನೆಯ ಅಳತೆ. ಮತ್ತೊಂದು ರೀತಿಯಲ್ಲಿ ನೋಡಿದರೆ, ತುಮಕೂರು, ಚಿತ್ರದುರ್ಗ, ಕೋಲಾರ ಈ ಮೂರು ಜಿಲ್ಲೆಗಳಲ್ಲಿ 1871ರಲ್ಲಿ ಇದ್ದದ್ದು ಪ್ರಾಂತ್ಯದ ಜನಸಂಖ್ಯೆಯ ಶೇಕಡಾ 35ರಷ್ಟು. ಒಟ್ಟು ಇಳಿಕೆಯಲ್ಲಿ ಇವುಗಳ ಪಾಲು ಶೇಕಡಾ 61. ಉತ್ತರದಲ್ಲಿ ಒಂದೇ ಒಂದು ಅಂಕಿಯನ್ನು ಬಳಸಲು ಅವಕಾಶವಿದ್ದರೆ ನಾನು ಈ ಹೋಲಿಕೆಯನ್ನು ಆರಿಸಿಕೊಳ್ಳುತ್ತೇನೆ. ಏಕೆಂದರೆ ಬರ ಪ್ರಾಂತ್ಯದ ಮೇಲೆ ಸಮನಾಗಿ ಬೀಳಲಿಲ್ಲ ಎಂಬ ವಾದ ಇದರಲ್ಲಿ ತಾನಾಗಿಯೇ ಅಡಗಿದೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. 50,55,412ರಿಂದ 41,86,188ನ್ನು ಕಳೆದರೆ 8,69,224 ಉಳಿಯುತ್ತದೆ. ಇದು ಏನು? ಬಹುತೇಕ ಉತ್ತರಗಳಲ್ಲಿ ಇದು 'ಸತ್ತವರ ಸಂಖ್ಯೆ' ಆಗಿಬಿಟ್ಟಿತ್ತು. ಪ್ರಬಂಧಗಳಲ್ಲಿಯೂ ಹೀಗೆಯೇ ಆಗುತ್ತದೆ. ಕೋಷ್ಟಕದ ತಲೆಬರಹ ಸಾವನ್ನು ಎಣಿಸಿಲ್ಲ. ಎರಡು ಗೊತ್ತಾದ ದಿನಗಳಂದು ಇದ್ದ ಜನರನ್ನು ಎಣಿಸಿದೆ. ಆ ಎರಡು ದಿನಗಳ ನಡುವೆ ಒಂಬತ್ತು ವರ್ಷಕ್ಕೂ ಮಿಕ್ಕಿದ ಕಾಲವಿದೆ, ಬರವಿದ್ದದ್ದು ಅದರಲ್ಲಿ ಸುಮಾರು ಎರಡೂವರೆ ವರ್ಷ. ಉಳಿದ ವರ್ಷಗಳಲ್ಲಿ ಜನ ಎಂದಿನಂತೆ ಹುಟ್ಟಿದ್ದಾರೆ, ಸತ್ತಿದ್ದಾರೆ, ಹೋಗಿದ್ದಾರೆ, ಬಂದಿದ್ದಾರೆ. ಆದ್ದರಿಂದ 8.69 ಲಕ್ಷವೆಂಬುದು ನಿವ್ವಳ ಇಳಿಕೆ. ಅದರೊಳಗೆ ಬರದ ಸಾವು ಇದೆ, ಬರದ ಕಾಲದಲ್ಲಿ ಹುಟ್ಟದೆ ಹೋದ ಮಕ್ಕಳಿದ್ದಾರೆ, ಪ್ರಾಂತ್ಯ ಬಿಟ್ಟು ಹೋಗಿ ಇನ್ನೂ ಮರಳದವರಿದ್ದಾರೆ. ಅದರ ವಿರುದ್ಧ ದಿಕ್ಕಿನಲ್ಲಿ, ಬರಕ್ಕೆ ಮೊದಲಿನ ಮತ್ತು ಅನಂತರದ ವರ್ಷಗಳ ಹೆಚ್ಚಳ ಸೇರಿಕೊಂಡು ಆ ನಷ್ಟವನ್ನು ಅಷ್ಟರಮಟ್ಟಿಗೆ ಮುಚ್ಚಿದೆ.

ಮುಚ್ಚಿರುವುದು ಎಷ್ಟು ಎಂಬುದನ್ನು ಕೋಷ್ಟಕ ಹೇಳುವುದಿಲ್ಲ, ಆದರೆ ನಮ್ಮ ಊಹೆಯನ್ನು ಬಿಚ್ಚಿಟ್ಟು ಲೆಕ್ಕ ಹಾಕಬಹುದು. ಬರಕ್ಕೆ ಮೊದಲು ಐದು ವರ್ಷ ಜನಸಂಖ್ಯೆ ವರ್ಷಕ್ಕೆ ಶೇಕಡಾ ಅರ್ಧದಂತೆ ಬೆಳೆದಿತ್ತು ಎಂದು ಇಟ್ಟುಕೊಂಡರೆ 1876ರ ಹೊತ್ತಿಗೆ ಅದು ಸುಮಾರು 51.8 ಲಕ್ಷವಾಗಿರಬೇಕು. ಬರ ಮುಗಿದ ಮೇಲಿನ ಎರಡು ವರ್ಷವೂ ಅದೇ ದರವಿತ್ತು ಎಂದರೆ, 1881ರಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಬರದ ಕೊನೆಯಲ್ಲಿ ಉಳಿದವರು ಸುಮಾರು 41.4 ಲಕ್ಷ. ಅಂತರ 10.4 ಲಕ್ಷವಾಗುತ್ತದೆ. ದರವನ್ನು ಶೇಕಡಾ ಒಂದು ಎಂದು ಹಿಡಿದರೆ ಇದೇ ಅಂತರ 12 ಲಕ್ಷವನ್ನು ದಾಟುತ್ತದೆ. ಈ ಬರದಲ್ಲಿ ಮೈಸೂರು ಪ್ರಾಂತ್ಯದಲ್ಲಿ ಹತ್ತು ಲಕ್ಷ ಜನ ಗತಿಸಿದರು ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಕೋಷ್ಟಕ ಅದನ್ನು ಸಾಧಿಸಿಕೊಡುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಅಂತಹ ಒಂದು ಸಂಖ್ಯೆ ಅಸಂಭವವಲ್ಲ ಎಂಬಷ್ಟನ್ನು ಮಾತ್ರ ಅದು ತೋರಿಸುತ್ತದೆ. 'ಸಾಧಿಸುತ್ತದೆ' ಎಂಬ ಪದಕ್ಕೂ 'ಅಸಂಭವವಲ್ಲ' ಎಂಬ ಪದಕ್ಕೂ ಇರುವ ಅಂತರವನ್ನು ನಾವು ತರಗತಿಯಲ್ಲಿ ಕಲಿಸುತ್ತಿಲ್ಲ.

ಎಣಿಕೆಯ ದೋಷವನ್ನು ಕುರಿತು ಒಂದು ಮಾತು. "ಆ ಕಾಲದ ಜನಗಣತಿ ಅಷ್ಟು ನಿಖರವಲ್ಲ" ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇದು ವಿಮರ್ಶೆಯಂತೆ ಕಾಣುತ್ತದೆ, ಆದರೆ ಇದರಿಂದ ಓದುಗನಿಗೆ ಏನೂ ದೊರೆಯುವುದಿಲ್ಲ. ದೋಷ ಯಾವ ಕಡೆಗೆ ವಾಲುತ್ತದೆ ಎಂದು ಕೇಳಬೇಕು. 1871ರಲ್ಲಿ ಎಣಿಕೆ ಹೊಸದು, ತೆರಿಗೆಯ ಭಯದಿಂದ ಜನ ಮನೆಯವರ ಸಂಖ್ಯೆಯನ್ನು ಮರೆಮಾಚಿರಬಹುದು. ಹಾಗಾಗಿದ್ದರೆ 1871ರ ನಿಜವಾದ ಸಂಖ್ಯೆ ಇನ್ನೂ ಹೆಚ್ಚು, ಆದ್ದರಿಂದ ಇಳಿಕೆಯೂ ಕೋಷ್ಟಕ ತೋರಿಸುವುದಕ್ಕಿಂತ ಹೆಚ್ಚು. ಬರದ ಅನಂತರ ಚದುರಿಹೋಗಿದ್ದವರು 1881ರ ಎಣಿಕೆಯಲ್ಲಿ ತಪ್ಪಿಹೋಗಿದ್ದರೆ ಇಳಿಕೆ ತೋರಿಸಿದ್ದಕ್ಕಿಂತ ಕಡಿಮೆ. ಮುಂದಿನ ಗಣತಿಯನ್ನು ನೋಡಿದರೆ ಈ ಎರಡನೆಯ ಸಂದೇಹಕ್ಕೆ ಸ್ವಲ್ಪ ಎಡೆಯಿದೆ. 1891ರಲ್ಲಿ ಪ್ರಾಂತ್ಯದ ಜನಸಂಖ್ಯೆ 49,43,604. ಹತ್ತು ವರ್ಷದಲ್ಲಿ ಶೇಕಡಾ 18ರ ಹೆಚ್ಚಳ ಆ ಕಾಲಕ್ಕೆ ಸಹಜವಾದ ಹೆಚ್ಚಳವಲ್ಲ. ಮರಳಿ ಬಂದವರು, ಹಿಂದೆ ಎಣಿಕೆಗೆ ಸಿಗದವರು, ಬರದ ಅನಂತರ ಹೆಚ್ಚಿದ ಜನನ ಇವೆಲ್ಲ ಅದರಲ್ಲಿ ಬೆರೆತಿರಬೇಕು. ಅಷ್ಟಾಗಿಯೂ ಇಪ್ಪತ್ತು ವರ್ಷಗಳ ಬಳಿಕ ಮೈಸೂರು 1871ರ ಸಂಖ್ಯೆಯನ್ನು ಮುಟ್ಟಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಹಾಗಾದರೆ ಜನನದ ಕೊರತೆಯನ್ನೂ ಸಾವನ್ನೂ ಬೇರ್ಪಡಿಸುವುದು ಹೇಗೆ? ಅದೇ ವರದಿಯ ಬೇರೆ ಕೋಷ್ಟಕಗಳಿಗೆ ಹೋಗಬೇಕು. 1881ರ ಗಣತಿ ನಡೆದದ್ದು ಫೆಬ್ರವರಿ 17ರಂದು. 1877 ಮತ್ತು 1878ರಲ್ಲಿ ಹುಟ್ಟಿದ ಮಕ್ಕಳಿಗೆ ಅಂದು ಎರಡರಿಂದ ನಾಲ್ಕು ವರ್ಷ. ವಯಸ್ಸಿನ ಕೋಷ್ಟಕದಲ್ಲಿ ಆ ಮೆಟ್ಟಿಲು ಅದರ ಮೇಲಿನ ಮತ್ತು ಕೆಳಗಿನ ಮೆಟ್ಟಿಲುಗಳಿಗಿಂತ ಎಷ್ಟು ಕುಸಿದಿದೆ ಎಂದು ನೋಡಿದರೆ ಹುಟ್ಟದವರ ಮತ್ತು ಹುಟ್ಟಿ ಉಳಿಯದವರ ಒಟ್ಟು ಕೊರತೆ ಕಾಣುತ್ತದೆ. ಆದರೆ ನಮ್ಮ ಜನ ತಮ್ಮ ವಯಸ್ಸನ್ನು ಹತ್ತು, ಇಪ್ಪತ್ತು, ಇಪ್ಪತ್ತೈದು ಎಂದು ಗುಂಡು ಅಂಕಿಯಲ್ಲಿ ಹೇಳುವವರಾದ್ದರಿಂದ ದೊಡ್ಡವರ ವಯಸ್ಸಿನ ಸಾಲುಗಳನ್ನು ಒಂದೊಂದಾಗಿ ನಂಬುವಂತಿಲ್ಲ. ವಲಸೆಗೆ ಜನ್ಮಸ್ಥಳದ ಕೋಷ್ಟಕವಿದೆ. ಅದರಲ್ಲಿಯೂ ಹೊರಗಿನಿಂದ ಬಂದವರು ಮೈಸೂರಿನ ಪುಸ್ತಕದಲ್ಲಿ ಸಿಗುತ್ತಾರೆ, ಮೈಸೂರಿನಿಂದ ಹೋದವರನ್ನು ಮದರಾಸು, ಮುಂಬಯಿ, ಕೊಡಗುಗಳ ಪುಸ್ತಕಗಳಲ್ಲಿ ಹುಡುಕಬೇಕು. ಪರೀಕ್ಷೆಯ ಮೂರು ಗಂಟೆಯಲ್ಲಿ ಇದು ಆಗದ ಮಾತು, ನಿಜ. ಆದರೆ ಯಾವ ಕೋಷ್ಟಕ ಬೇಕಿತ್ತು ಎಂದು ಒಂದು ವಾಕ್ಯದಲ್ಲಿ ಹೇಳುವುದು ಆಗುತ್ತದೆ. ಸಂಶೋಧಕನಿಗಂತೂ ಸಮಯದ ನೆಪವಿಲ್ಲ.

ಇನ್ನು ನಕಾಶೆಯ ವಿಷಯ. ಈ ಕೋಷ್ಟಕವನ್ನು ನಕಾಶೆಯ ಮೇಲೆ ಇಳಿಸಿದೊಡನೆ ಒಂದು ಸಂಗತಿ ಎದ್ದು ಕಾಣುತ್ತದೆ. ಇಳಿಕೆ ಹೆಚ್ಚಾಗಿರುವ ಚಿತ್ರದುರ್ಗ, ತುಮಕೂರು, ಕೋಲಾರಗಳು ಒಂದಕ್ಕೊಂದು ಅಂಟಿಕೊಂಡು ಉತ್ತರದಿಂದ ಪೂರ್ವಕ್ಕೆ ಪಟ್ಟಿಯಂತೆ ಹಬ್ಬಿವೆ. ಏನೂ ಆಗದಂತೆ ಕಾಣುವ ಶಿವಮೊಗ್ಗ, ಕಡೂರು (ಇಂದಿನ ಚಿಕ್ಕಮಗಳೂರು) ಘಟ್ಟಕ್ಕೆ ಒರಗಿ ಕುಳಿತಿವೆ. ಅಕಾರಾದಿಯಾಗಿಯೋ ಆಡಳಿತದ ಕ್ರಮದಲ್ಲಿಯೋ ಜೋಡಿಸಿದ ಕೋಷ್ಟಕದಲ್ಲಿ ಈ ನೆರೆಹೊರೆ ಕಾಣುವುದಿಲ್ಲ. ಮಳೆ ಘಟ್ಟದಿಂದ ಪೂರ್ವಕ್ಕೆ ಸರಿದಂತೆ ಕಡಿಮೆಯಾಗುತ್ತದೆ ಎಂಬ ತಿಳಿದ ಸಂಗತಿಯೊಂದಿಗೆ ಇದು ಕೂಡಿದಾಗ ವಿವರಣೆಯ ಒಂದು ಎಳೆ ಸಿಕ್ಕಂತಾಯಿತು. ಇದು ನಕಾಶೆಯ ಲಾಭ.

ನಷ್ಟವೂ ಅಲ್ಲಿಂದಲೇ ಆರಂಭವಾಗುತ್ತದೆ. ಬಣ್ಣಗಳಿಗೆ ಮಿತಿ ಹಾಕುವವರು ನಾವು. ಶೇಕಡಾ 20ಕ್ಕಿಂತ ಕಡಿಮೆ ಇಳಿದವು ತಿಳಿ ಬಣ್ಣ, ಹೆಚ್ಚು ಇಳಿದವು ಗಾಢ ಬಣ್ಣ ಎಂದು ಇಟ್ಟುಕೊಂಡರೆ 19.8ರ ಹಾಸನವೂ 19.2ರ ಬೆಂಗಳೂರೂ ಶಿವಮೊಗ್ಗದ ಜೊತೆಗೆ ಸುರಕ್ಷಿತ ಪ್ರದೇಶಗಳ ಪಂಕ್ತಿಯಲ್ಲಿ ಕುಳಿತುಬಿಡುತ್ತವೆ. ಮಿತಿಯನ್ನು 15ಕ್ಕೆ ಇಳಿಸಿದರೆ ಅವೇ ಜಿಲ್ಲೆಗಳು ಕೋಲಾರ, ಚಿತ್ರದುರ್ಗಗಳ ಪಂಕ್ತಿಗೆ ಬರುತ್ತವೆ. ಅಂಕಿಯಲ್ಲಿ ಏನೂ ಬದಲಾಗಿಲ್ಲ, ಆದರೆ ಮೊದಲ ನಕಾಶೆಯಲ್ಲಿ ಮೂರು ಜಿಲ್ಲೆಗಳ ಬರ, ಎರಡನೆಯದರಲ್ಲಿ ಐದು ಜಿಲ್ಲೆಗಳ ಬರ. ಆದ್ದರಿಂದ ನಕಾಶೆಯನ್ನು ಓದುವಾಗ ಬಣ್ಣಕ್ಕಿಂತ ಮೊದಲು ಮೂಲೆಯಲ್ಲಿರುವ ಸೂಚಿಯನ್ನು ಓದಬೇಕು. ಇನ್ನೊಂದು ತೊಡಕು, ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿಯುವುದು. ಕಡೂರು ಜಿಲ್ಲೆಯ ಪಶ್ಚಿಮ ಭಾಗ ಮಲೆನಾಡು, ಪೂರ್ವದ ಕಡೂರು ತಾಲ್ಲೂಕು ಬಯಲುಸೀಮೆ. ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ, ಹೊನ್ನಾಳಿಗಳಿಗೂ ತೀರ್ಥಹಳ್ಳಿ, ನಗರಗಳಿಗೂ ಮಳೆಯಲ್ಲಿ ಹೋಲಿಕೆಯಿಲ್ಲ. ಜಿಲ್ಲೆಯ ಸರಾಸರಿ ಈ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಇಂದಿನ ಜಿಲ್ಲೆಗಳ ಖಾಲಿ ನಕಾಶೆಯ ಮೇಲೆ 1881ರ ಅಂಕಿಗಳನ್ನು ತುಂಬುವವರೂ ಇದ್ದಾರೆ. 1939ರಲ್ಲಿ ಹುಟ್ಟಿದ ಮಂಡ್ಯಕ್ಕೂ 1997ರಲ್ಲಿ ಹುಟ್ಟಿದ ದಾವಣಗೆರೆಗೂ ಅವರು ಯಾವ ಅಂಕಿ ಕೊಡುತ್ತಾರೋ ತಿಳಿಯದು.

ಎಲ್ಲೆಯ ಈ ಪ್ರಶ್ನೆ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಹಾಸನವೇ ಉದಾಹರಣೆ. ಮೇಲಿನ ಕೋಷ್ಟಕದಲ್ಲಿ 1871ರ ಹಾಸನದ ಜನಸಂಖ್ಯೆ 6,68,417. ಇಂಪೀರಿಯಲ್ ಗೆಜೆಟಿಯರಿನಲ್ಲಿ ಅದೇ ಜಿಲ್ಲೆಗೆ ಅದೇ ವರ್ಷಕ್ಕೆ 5,18,987 ಎಂದಿದೆ. 1881ಕ್ಕೆ 4,28,344 ಎಂದಿದೆ. ಇಂತಹ ಎರಡು ಅಂಕಿಗಳನ್ನು ಕಂಡಾಗ ನಮ್ಮ ಸಂಶೋಧಕರು ಸಾಮಾನ್ಯವಾಗಿ ಒಂದನ್ನು ಅಚ್ಚಿನ ತಪ್ಪೆಂದು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಇನ್ನೂ ಅಪಾಯಕರವಾದದ್ದು, 1871ಕ್ಕೆ ಒಂದು ಪುಸ್ತಕ, 1881ಕ್ಕೆ ಇನ್ನೊಂದು ಪುಸ್ತಕ ಬಳಸುವುದು. 6,68,417ರಿಂದ 4,28,344ಕ್ಕೆ ಎಂದರೆ ಶೇಕಡಾ 36ರ ಇಳಿಕೆ. ಹಾಸನ ತುಮಕೂರನ್ನೂ ಮೀರಿ ಬರದ ಕೇಂದ್ರವಾಗಿಬಿಡುತ್ತದೆ! ವಾಸ್ತವದಲ್ಲಿ ಎರಡೂ ಅಂಕಿಗಳು ಸರಿಯೇ. ಈ ನಡುವೆ ಜಿಲ್ಲೆಯ ಎಲ್ಲೆ ಬದಲಾಯಿತು. ಗೆಜೆಟಿಯರಿನವರು ಹಿಂದಿನ ವರ್ಷಗಳ ಅಂಕಿಗಳನ್ನು ತಮ್ಮ ಕಾಲದ ಎಲ್ಲೆಗೆ ಸರಿಹೊಂದಿಸಿ ಕೊಟ್ಟಿದ್ದಾರೆ. ಒಂದೇ ಎಲ್ಲೆಯೊಳಗೆ ಹೋಲಿಸಿದರೆ ಹಳೆಯ ಹಾಸನದ ಇಳಿಕೆ ಶೇಕಡಾ 19.8, ಹೊಸ ಹಾಸನದ ಇಳಿಕೆ 17.5.

ತಾಳ್ಮೆಯಿದ್ದರೆ ಇಲ್ಲಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹಳೆಯ ಹಾಸನದಿಂದ ಹೊಸ ಹಾಸನವನ್ನು ಕಳೆದರೆ, ಜಿಲ್ಲೆಯನ್ನು ಬಿಟ್ಟುಹೋದ ಭಾಗ ಉಳಿಯುತ್ತದೆ. 1871ರಲ್ಲಿ ಅಲ್ಲಿ ಸುಮಾರು 1.49 ಲಕ್ಷ ಜನ, 1881ರಲ್ಲಿ 1.07 ಲಕ್ಷ. ಇಳಿಕೆ ಶೇಕಡಾ 28. ಹಾಸನಕ್ಕೆ ಹೊಸದಾಗಿ ಸೇರಿದ ಪ್ರದೇಶ ಗಣನೀಯವಾಗಿಲ್ಲ ಎಂಬ ಷರತ್ತಿಗೆ ಒಳಪಟ್ಟು, ಕಳಚಿಹೋದ ಭಾಗ ಉಳಿದ ಭಾಗಕ್ಕಿಂತ ಬಹಳ ಹೆಚ್ಚು ಬಳಲಿತ್ತು ಎನ್ನಬಹುದು. ಜಿಲ್ಲೆಯ ಒಂದೇ ಸಾಲಿನೊಳಗೆ ಎರಡು ಬಗೆಯ ಅನುಭವಗಳು ಅಡಗಿದ್ದವು ಎಂಬುದು ಎರಡು ಪುಸ್ತಕಗಳ ಭಿನ್ನಪಾಠದಿಂದ ಹೊರಬಂದಿತು. ಭಿನ್ನಪಾಠವನ್ನು ಎಸೆಯಬಾರದು ಎಂಬುದು ಗ್ರಂಥಸಂಪಾದನೆಯಲ್ಲಿ ನಮಗೆಲ್ಲ ಗೊತ್ತಿರುವ ಪಾಠವೇ ಆಗಿದೆ.

ಈಗ ಶಿವಮೊಗ್ಗದ ಸಾಲಿಗೆ ಮರಳಬೇಕು. ಹತ್ತು ವರ್ಷದಲ್ಲಿ 752 ಜನರ ಹೆಚ್ಚಳ, ಅಂದರೆ ಬದಲಾವಣೆಯೇ ಇಲ್ಲ. "ಬರ ಬಂದಿರಲಿಲ್ಲ" ಎಂಬ ತೀರ್ಮಾನಕ್ಕೆ ಇದು ಸಾಲದು. ಸಾಮಾನ್ಯ ಕಾಲದಲ್ಲಿ ಆ ಜಿಲ್ಲೆ ಬೆಳೆಯಬೇಕಾಗಿತ್ತು ಎಂದಾದರೆ, ಬೆಳೆಯದೆ ನಿಂತದ್ದೂ ಒಂದು ನಷ್ಟವೇ. ಬಯಲುಸೀಮೆಯ ತಾಲ್ಲೂಕುಗಳಲ್ಲಿ ಸತ್ತವರ ಲೆಕ್ಕವನ್ನು ಮಲೆನಾಡಿನ ಹೆಚ್ಚಳ ಸರಿದೂಗಿಸಿರಬಹುದು. ಅಥವಾ ಪೂರ್ವದಿಂದ ಹೊಟ್ಟೆಪಾಡಿಗಾಗಿ ಬಂದವರು ಅಲ್ಲಿಯೇ ನೆಲೆಸಿ, ಸತ್ತ ಸ್ಥಳೀಯರ ಸ್ಥಾನವನ್ನು ಅಂಕಿಯಲ್ಲಿ ತುಂಬಿರಬಹುದು. ಈ ಮೂರನ್ನೂ ಕೋಷ್ಟಕ ಸಮನಾಗಿ ಒಪ್ಪುತ್ತದೆ. ತಾಲ್ಲೂಕುವಾರು ಅಂಕಿ ಎರಡನೆಯ ಸಾಧ್ಯತೆಯನ್ನು ಪರೀಕ್ಷಿಸುತ್ತದೆ, ಜನ್ಮಸ್ಥಳದ ಕೋಷ್ಟಕ ಮೂರನೆಯದನ್ನು.

ಮೈಸೂರು ಜಿಲ್ಲೆಯ ಸಾಲು ಇದಕ್ಕಿಂತ ಜಟಿಲ. ಬಯಲುಸೀಮೆಯೇ ಹೆಚ್ಚಾಗಿದ್ದರೂ ಇಳಿಕೆ ಕೇವಲ 4.3. ಕಾವೇರಿಯ ನೀರು ಕಾಪಾಡಿತು ಎಂದು ಹಲವರು ಬರೆದಿದ್ದರು. ಶ್ರೀರಂಗಪಟ್ಟಣದ ಸುತ್ತಿನ ಹಳೆಯ ನಾಲೆಗಳನ್ನು ನೆನೆದರೆ ಅದು ಒಪ್ಪಬಹುದಾದ ಊಹೆ. ಆದರೆ ಕೋಷ್ಟಕದಲ್ಲಿ ನೀರಾವರಿಯ ಸ್ತಂಭವಿಲ್ಲ. ಕಾರಣವನ್ನು ಹೊರಗಿನಿಂದ ತಂದಿದ್ದೇನೆ ಎಂದು ಬರೆಯುವವನು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ಕಟ್ಟಿನಲ್ಲಿಯೇ ಸಾಕ್ಷಿಯಿತ್ತು. ಕೃಷ್ಣರಾಜಸಾಗರದ ನೀರಿನಿಂದ ಜನ ಬದುಕಿಕೊಂಡರು ಎಂದು ನಾಲ್ಕಾರು ಮಂದಿ ಬರೆದಿದ್ದರು. ಆ ಅಣೆಕಟ್ಟಿನ ಕೆಲಸ ಆರಂಭವಾದದ್ದೇ 1911ರಲ್ಲಿ.

ಇಷ್ಟೆಲ್ಲ ಕನ್ನಡ ವಿಭಾಗದವರಿಗೆ ಏಕೆ ಎಂದು ಕೇಳುವವರಿದ್ದಾರೆ. ಇತಿಹಾಸ ವಿಭಾಗದವರು ನೋಡಿಕೊಳ್ಳಲಿ ಎಂಬ ಮಾತನ್ನೂ ಕೇಳಿದ್ದೇನೆ. ಜನ ಈ ಬರವನ್ನು ಧಾತು, ಈಶ್ವರ ಸಂವತ್ಸರಗಳ ಹೆಸರಿನಲ್ಲಿ ನೆನಪಿಟ್ಟುಕೊಂಡಿದ್ದಾರೆ. ಬರದ ಹಾಡು, ಲಾವಣಿ, ಐತಿಹ್ಯಗಳನ್ನು ಸಂಗ್ರಹಿಸುವವರು ನಾವೇ. ಹಾಡಿನ ಪಕ್ಕದಲ್ಲಿ ಪ್ರಾಂತ್ಯದ ಶೇಕಡಾ 17ನ್ನು ಇಟ್ಟು "ಜನಪದರ ಮಾತನ್ನು ಅಂಕಿಅಂಶಗಳು ಸಮರ್ಥಿಸುತ್ತವೆ" ಎಂದು ಬರೆಯುವವರೂ ನಾವೇ. ಪಾವಗಡದ ಕಡೆಯಲ್ಲಿ ಸಿಕ್ಕ ಹಾಡಿಗೂ ಸಾಗರದ ಕಡೆಯಲ್ಲಿ ಸಿಕ್ಕ ಹಾಡಿಗೂ ಅದೇ 17ನ್ನು ಸಾಕ್ಷಿಯಾಗಿ ಕರೆಯಲು ಬರುವುದಿಲ್ಲ. ಇಳಿಕೆಯೇ ಇಲ್ಲದ ಮಲೆನಾಡಿನಲ್ಲಿ ಹಸಿವಿನ ಹಾಡು ದೊರೆತರೆ ಆಗ ನಿಜವಾದ ಸಂಶೋಧನೆ ಆರಂಭವಾಗಬೇಕು. ಹಾಡು ವಲಸೆ ಬಂದವರ ಜೊತೆಗೆ ಬಂದಿತೇ? ಸಾವಿಲ್ಲದಿದ್ದರೂ ಧಾನ್ಯದ ಬೆಲೆ ಏರಿ ಅಲ್ಲಿನ ಬಡವರು ಹಸಿದರೇ? ಅಥವಾ ಜಿಲ್ಲೆಯ ಅಂಕಿ ಮುಚ್ಚಿಟ್ಟದ್ದನ್ನು ಹಾಡು ಬಿಚ್ಚಿಡುತ್ತಿದೆಯೇ? ಅಂಕಿಗೂ ಹಾಡಿಗೂ ತಾಳೆಯಾಗದ ಈ ಜಾಗವನ್ನು ನಾವು ಸರಾಸರಿಯ ಹೆಸರಿನಲ್ಲಿ ಸಾರಿಸಿಬಿಡುತ್ತಿದ್ದೇವೆ. ಎರಡು ಆಕರಗಳು ಒಂದನ್ನೊಂದು ಸಮರ್ಥಿಸಬೇಕೆಂಬ ಆತುರ ನಮಗೇಕೆ ಎಂಬುದು ನನಗೆ ಅರ್ಥವಾಗಿಲ್ಲ.

ಹಾಗಾದರೆ ಒಳ್ಳೆಯ ಉತ್ತರ ಹೇಗಿರಬೇಕು? ಒಂದು ಕಂಡಿಕೆಯನ್ನು ಮಾದರಿಯೆಂದಲ್ಲ, ಚರ್ಚೆಗೆಂದು ಇಲ್ಲಿ ಬರೆಯುತ್ತೇನೆ: "1871 ಮತ್ತು 1881ರ ಗಣತಿಗಳ ನಡುವೆ ಮೈಸೂರು ಪ್ರಾಂತ್ಯದ ಜನಸಂಖ್ಯೆ ಶೇಕಡಾ 17ರಷ್ಟು ಇಳಿಯಿತು. ಈ ಇಳಿಕೆ ಸಮನಾಗಿರಲಿಲ್ಲ. ಪ್ರಾಂತ್ಯದ ಶೇಕಡಾ 35ರಷ್ಟು ಜನರಿದ್ದ ತುಮಕೂರು, ಚಿತ್ರದುರ್ಗ, ಕೋಲಾರಗಳಲ್ಲಿಯೇ ಅದರ ಶೇಕಡಾ 61 ಸಂಭವಿಸಿತು. ಮಳೆ ಕಡಿಮೆಯಿರುವ ಪೂರ್ವಭಾಗದಲ್ಲಿ ಬರದ ಹೊಡೆತ ಹೆಚ್ಚಾಗಿತ್ತು ಎಂಬುದಕ್ಕೆ ಇದು ಆಧಾರ. ಆದರೆ ಇದು ನಿವ್ವಳ ಇಳಿಕೆಯಾದ್ದರಿಂದ ಸಾವಿನ ಸಂಖ್ಯೆಯನ್ನು ಇದರಿಂದ ನೇರವಾಗಿ ಪಡೆಯಲಾಗದು. ಬರಕ್ಕೆ ಮೊದಲಿನ ಬೆಳವಣಿಗೆಯನ್ನು ಗಣಿಸಿದರೆ ಒಟ್ಟು ನಷ್ಟ ಇದಕ್ಕಿಂತ ಹೆಚ್ಚಿರಬೇಕು. ಮೈಸೂರು ಜಿಲ್ಲೆಯ ಅಲ್ಪ ಇಳಿಕೆಯನ್ನು ಮಳೆಯೊಂದರಿಂದಲೇ ವಿವರಿಸಲಾಗದು. ಅದಕ್ಕೆ ನೀರಾವರಿ ಮತ್ತು ವಲಸೆಯ ಅಂಕಿಗಳು ಬೇಕು." ಇದರಲ್ಲಿರುವ ಅಂಕಿಗಳು ಮೂರೇ. ಪ್ರತಿಯೊಂದರ ಹಿಂದೆಯೋ ಮುಂದೆಯೋ ಅದರಿಂದ ಹೊರಡುವ ಮಾತಿದೆ, ಆ ಮಾತಿನ ಮಿತಿಯೂ ಇದೆ. ಎಂಟು ಜಿಲ್ಲೆಗಳ ಹದಿನಾರು ಸಂಖ್ಯೆಗಳನ್ನು ನಕಲು ಮಾಡಿದ ಉತ್ತರಕ್ಕಿಂತ ಇದು ಗಾತ್ರದಲ್ಲಿ ಚಿಕ್ಕದು. ನಮ್ಮ ಈಗಿನ ಅಂಕ ಕೊಡುವ ಪದ್ಧತಿಯಲ್ಲಿ ಇದಕ್ಕೆ ಕಡಿಮೆ ಅಂಕ ಬರುವ ಸಂಭವವೇ ಹೆಚ್ಚು.

ಆದ್ದರಿಂದ ದೋಷವನ್ನೆಲ್ಲ ವಿದ್ಯಾರ್ಥಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾದ ಆ ಕೋಷ್ಟಕಕ್ಕೆ ಆಕರದ ಉಲ್ಲೇಖವಿರಲಿಲ್ಲ, ಗಣತಿಯ ದಿನಾಂಕವಿರಲಿಲ್ಲ, ಯಾವ ಎಲ್ಲೆಯ ಅಂಕಿಯೆಂಬ ಅಡಿಟಿಪ್ಪಣಿಯಿರಲಿಲ್ಲ. ಓದಬೇಕಾದದ್ದನ್ನೇ ನಾವು ಕತ್ತರಿಸಿಹಾಕಿ, ಓದಿಲ್ಲವೆಂದು ದೂರುತ್ತಿದ್ದೆವು. ಕೋಷ್ಟಕವನ್ನು ಕೊಡುವುದಾದರೆ ಅದರ ತಲೆಬರಹ ಮತ್ತು ಅಡಿಟಿಪ್ಪಣಿಗಳ ಸಮೇತ ಕೊಡಬೇಕು, 'ಚರ್ಚಿಸಿ' ಎಂಬ ಸಡಿಲ ಪದದ ಬದಲು "ಯಾವ ಸಾಲು ಉಳಿದವುಗಳೊಡನೆ ಹೊಂದುವುದಿಲ್ಲ, ಏಕೆ?" ಎಂದು ಕೇಳಬೇಕು. ಸಂಶೋಧನ ಪ್ರಬಂಧಗಳ ಮಾರ್ಗದರ್ಶಕರು ಎರಡನೆಯ ಅಧ್ಯಾಯದ ಪ್ರತಿ ಕೋಷ್ಟಕಕ್ಕೂ, ಮುಂದಿನ ಯಾವ ಪುಟದ ಯಾವ ವಾಕ್ಯಕ್ಕೆ ಇದು ಆಧಾರ ಎಂದು ವಿಚಾರಿಸಿದರೆ, ಅರ್ಧದಷ್ಟು ಕೋಷ್ಟಕಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಶಿವಮೊಗ್ಗೆಯಲ್ಲಿ ಬರ ಬಂದಿರಲಿಲ್ಲವೆಂದು ಬರೆದ ಆ ವಿದ್ಯಾರ್ಥಿಗೆ ನಾನು ಅಂದು ಹದಿನೈದಕ್ಕೆ ಐದು ಅಂಕ ಕೊಟ್ಟೆ. ಕೋಷ್ಟಕವನ್ನು ನೋಡದೆ ನಾಲ್ಕು ಪುಟ ಬರೆದವರಿಗೆ ಒಂಬತ್ತು ಕೊಟ್ಟಿದ್ದೆ.